ಹೆಡ್‌ಹಂಟರ್‌ಗೆ ನಾನು ಬರೆದ ಮೊದಲ ಮೇಲ್

ಬೆಂಗಳೂರಿನ ಒಂದು ಬ್ರೇಕ್ ಬಿಡಿಭಾಗಗಳ ಕಂಪನಿಯಲ್ಲಿ ನಾನು ಆಪರೇಷನ್ಸ್ ಮುಖ್ಯಸ್ಥನಾಗಿದ್ದೆ. ಬೇರೆ ಕಡೆ ಸಿಇಒ ಆಗುವ ಆಸೆಯಿತ್ತು. ಆದರೆ ನಮ್ಮ ಕ್ಷೇತ್ರ ಚಿಕ್ಕದು. ಹೊಸೂರು, ಚೆನ್ನೈ, ಪುಣೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸುದ್ದಿ ಹಬ್ಬಿದರೆ ಮೊದಲು ಗಾಬರಿಯಾಗುವುದು ನನ್ನ ಕೆಳಗಿನ ಪ್ಲಾಂಟ್ ಹೆಡ್‌ಗಳು.

ಪರಿಚಯ ಹೇಳುವ ಮೊದಲೇ, ಕಂಪನಿಗಳಿಗೆ ದೊಡ್ಡ ಹುದ್ದೆಯವರನ್ನು ಹುಡುಕಿಕೊಡುವ ಹೆಡ್‌ಹಂಟರ್ ಮೇಡಂಗೆ ಫೋನ್ ಮಾಡಿ ನಾಲ್ಕೈದು ಕಂಪನಿಗಳ ಹೆಸರು ಹೇಳಿದೆ. ನಮ್ಮದೂ ಅದರಲ್ಲಿತ್ತು. "ಇದರಲ್ಲಿ ಯಾವುದಾದರೂ ನಿಮ್ಮ ಕ್ಲೈಂಟಾ?" ಎಂದು ಕೇಳಿದೆ. ಇಂಥ ಸರ್ಚ್ ಫರ್ಮ್‌ಗಳು ಸಾಮಾನ್ಯವಾಗಿ ಕ್ಲೈಂಟ್ ಕಂಪನಿಯ ಜನರನ್ನು ಬೇರೆ ಕಡೆಗೆ ಕರೆದೊಯ್ಯುವುದಿಲ್ಲ. ಹಾಗಿದ್ದಾಗ ನನ್ನ ಕಥೆ ಅಲ್ಲಿ ಹೇಳಿ ಏನೂ ಉಪಯೋಗವಿಲ್ಲ, ಅಪಾಯ ಮಾತ್ರ. ಅವರು ಇಲ್ಲ ಅಂದ ಮೇಲೆಯೇ ಮೇಲ್ ಬರೆದೆ. ಸ್ವಂತ ಐಡಿಯಿಂದ, ಸ್ವಂತ ಫೋನಿನಲ್ಲಿ. ಸಿವಿ ಲಗತ್ತಿಸಲಿಲ್ಲ.

ಬೇಕಾದ್ದನ್ನು ನೇರವಾಗಿ ಬರೆದೆ: "ಲಾಭನಷ್ಟದ ಪೂರ್ತಿ ಹೊಣೆ ಇರುವ ಹುದ್ದೆ ಬೇಕು. ಬೆಂಗಳೂರು ಅಥವಾ ಪುಣೆ. ಮಗಳ ಎರಡನೇ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ಊರು ಬಿಡಲಾರೆ. ನೋಟಿಸ್ ಮೂರು ತಿಂಗಳು." ಸಂಬಳದ ಜೊತೆಗೆ, ಈಗಿನ ಕೆಲಸ ಬಿಟ್ಟರೆ ಕೈತಪ್ಪುವ ಷೇರುಗಳ ವಿಷಯವನ್ನೂ ಹೇಳಿದೆ. ಅದು ಕೊನೆಗೆ ಗೊತ್ತಾದರೆ ಮಾತುಕತೆಯೇ ಮುರಿದು ಬೀಳುತ್ತದೆ.

ಜಾಸ್ತಿ ಯೋಚಿಸಿದ್ದು ಗುಟ್ಟಿನ ಭಾಗಕ್ಕೆ. ಹೆಸರು ಹೇಳದೆ ಅಭ್ಯರ್ಥಿಯನ್ನು ವಿವರಿಸುವುದು ಅವರ ಪದ್ಧತಿ. ಆದರೆ "ಬೆಂಗಳೂರಿನ ಬ್ರೇಕ್ ಕಂಪನಿಯ ಆಪರೇಷನ್ಸ್ ಹೆಡ್" ಅಂದರೆ ಹೆಸರು ಹೇಳಿದ ಹಾಗೇ ಅಲ್ವಾ? ಅದಕ್ಕೇ ವಿವರಣೆಯನ್ನು ನಾನೇ ಬರೆದುಕೊಟ್ಟೆ: "ದಕ್ಷಿಣ ಭಾರತದ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಹಲವು ಪ್ಲಾಂಟ್‌ಗಳನ್ನು ನಡೆಸುವವರು." ಇದಕ್ಕಿಂತ ಒಂದು ಪದವೂ ಹೆಚ್ಚು ಬೇಡ ಅಂದೆ. ಪ್ರತಿ ಕಂಪನಿಗೂ ಹೆಸರು ಕೊಡುವ ಮುನ್ನ ನನ್ನನ್ನು ಕೇಳಬೇಕು. ಒಮ್ಮೆ ಒಪ್ಪಿದೆನೆಂದು ಮುಂದಿನದಕ್ಕೂ ಒಪ್ಪಿದಂತಲ್ಲ. ನಮ್ಮ ದೊಡ್ಡ ಗ್ರಾಹಕರ ಕಂಪನಿಗಳಿಗೆ ಹೋಗಲೇಬಾರದು. ಆಫರ್ ಕೈಗೆ ಬರುವವರೆಗೆ ನನ್ನ ಬಗ್ಗೆ ಯಾರನ್ನೂ ವಿಚಾರಿಸಬಾರದು. ಅವರ ಆಫೀಸಿನ ಡೇಟಾಬೇಸ್‌ನಲ್ಲಿ ನನ್ನ ವಿವರ ಯಾರ್ಯಾರಿಗೆ ಕಾಣುತ್ತದೆ ಎಂದೂ ಕೇಳಿದೆ. ಅವರು ಅದನ್ನು ಇಬ್ಬರಿಗೆ ಸೀಮಿತ ಮಾಡಿದರು.

ಇನ್ನೊಂದು ಗುಟ್ಟು ನನ್ನದಲ್ಲ, ಕಂಪನಿಯದು. ನಮ್ಮದು ಷೇರುಪೇಟೆಯಲ್ಲಿದ್ದ ಕಂಪನಿ. ಪ್ರಕಟವಾಗದ ಫಲಿತಾಂಶವನ್ನು ಹೊರಗೆ ಹೇಳುವುದು ಸೆಬಿಯ 2015ರ ಒಳವ್ಯಾಪಾರ ತಡೆ ನಿಯಮಗಳಿಗೆ ವಿರುದ್ಧ. ಹಾಗಾಗಿ ನನ್ನ ಸಾಧನೆಗೆ ವಾರ್ಷಿಕ ವರದಿಯಲ್ಲಿ ಅಚ್ಚಾದ ಅಂಕಿಗಳನ್ನಷ್ಟೇ ಕೊಟ್ಟೆ. "ಈ ತ್ರೈಮಾಸಿಕ ಹೇಗಿದೆ ಸರ್?" ಎಂದು ಅವರು ಕೇಳಿದಾಗ, ಅದನ್ನು ಹೇಳಲಾಗದು ಮೇಡಂ ಅಂದೆ. ಅವರು ಮತ್ತೆ ಕೇಳಲಿಲ್ಲ. ಮುಂದಿನ ವಾರ ಒಂದು ಪುಣೆ ಕಂಪನಿಯ ಹೆಸರು ಹೇಳಿ, "ನಿಮ್ಮ ಹೆಸರು ಕೊಡಲಾ?" ಎಂದು ಫೋನ್ ಮಾಡಿದರು.