ಎಲ್ಲಿ ಅಂತ ಕೇಳೋದು ಬಿಟ್ಟೆ, ಜಾಗ ಸಿಗತೊಡಗಿತು

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಹಳೇ ಫೋಟೊ ರಿಪೇರಿ ಮಾಡಿ ಫ್ರೇಮ್ ಹಾಕಿಕೊಡುತ್ತೇನೆ. ನಾಲ್ಕೈದು ವರ್ಷದಿಂದ ಅದರ ಜೊತೆ ಇನ್ನೊಂದು ಕೆಲಸ ಹಿಡಿದಿದ್ದೇನೆ. ಹಳೇ ಫೋಟೊ ತೆಗೆದ ಜಾಗ ಹುಡುಕಿ, ಅದೇ ಜಾಗದಲ್ಲಿ ನಿಂತು ಹೊಸ ಫೋಟೊ ತೆಗೆದು, ಎರಡನ್ನೂ ಜೋಡಿಸಿ ಕೊಡೋದು. ಒಂದಕ್ಕೆ ಎರಡೂವರೆ ಸಾವಿರ ತಗೊಳ್ತೀನಿ. ಮೊದಲ ವರ್ಷ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲಿಗೇ ಹೋಯ್ತು.

ಗುಡ್ಡದ ಗೆರೆ, ನೆರಳು, ಬೋರ್ಡು, ಬಂಡಿ ನಂಬರು ನೋಡೋದು ಈ ಕೆಲಸ ಮಾಡುವವರಿಗೆಲ್ಲ ಗೊತ್ತೇ ಇದೆ. ನಾನು ಬರೆಯುತ್ತಿರುವುದು ಅದೆಲ್ಲ ಮುಗಿದ ಮೇಲೂ ಎರಡು ಮೂರು ಜಾಗ ಉಳಿದುಕೊಂಡಾಗ ಏನು ಮಾಡಬೇಕು ಅನ್ನೋದರ ಬಗ್ಗೆ. ಚಿತ್ರದುರ್ಗದಲ್ಲಿ ಇದೇ ಹುಚ್ಚಿನ ಗೆಳೆಯನೊಬ್ಬ ಇದ್ದಾನೆ. "ಗಿರಾಕಿ ಮಾತು ಕೇಳಿದ್ಯೋ, ಕೆಟ್ಟೆ. ಫೋಟೊ ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ" ಅಂತ ಅವನ ವಾದ. ಅವನ ಮಾತಲ್ಲಿ ಅರ್ಧ ನಿಜ ಇದೆ. ಆದರೆ ಜನ ಸುಳ್ಳು ಹೇಳೋದಿಲ್ಲ, ನಾವು ಕೇಳೋದು ತಪ್ಪು. ಇದನ್ನು ಕಲಿಯೋಕೆ ನಾನು ಒಂದೇ ಫೋಟೊಗೆ ಮೂರು ಸಲ ಬೈಕ್ ಓಡಿಸಬೇಕಾಯ್ತು.

ಫೋಟೊ 1984-85ರ ಸುಮಾರಿನದು. ಕಪ್ಪು ಬಿಳುಪು. ಕಲ್ಲಿನ ಕಟ್ಟೆಗೆ ಒರಗಿ ಗಂಡ ಹೆಂಡತಿ ನಿಂತಿದ್ದಾರೆ. ಹೆಂಡತಿ ಕಂಕುಳಲ್ಲಿ ಕುಲಾವಿ ಹಾಕಿದ ಕೂಸು. ಹಿಂದೆ ಬರೀ ನೀರು, ನೀರಿನಾಚೆ ಕುರುಚಲು ಗಿಡದ ಒಂದು ಬೋಳು ಗುಡ್ಡ, ಅದೂ ಅರ್ಧ ಮಸುಕು. ಬೇರೇನೂ ಇಲ್ಲ. ಕಳಿಸಿದವನು ಬೆಂಗಳೂರಲ್ಲಿರುವ ಮಗ, ಅಂದರೆ ಕುಲಾವಿಯೊಳಗಿನ ಕೂಸು. "ಸೂಳೆಕೆರೆನೋ ಮಾರಿಕಣಿವೆನೋ ಇರಬೇಕು ಸಾರ್" ಅಂದ.

ಸೂಳೆಕೆರೆ ಚನ್ನಗಿರಿ ಹತ್ತಿರದ ಕೆರೆ, ಮಾರಿಕಣಿವೆ ಹಿರಿಯೂರು ಹತ್ತಿರದ ಅಣೆಕಟ್ಟೆ. ಎರಡೂ ಎರಡು ಗುಡ್ಡದ ನಡುವೆ ನೀರು ತಡೆದು ಕಟ್ಟಿದ್ದೇ. ಏರಿ ಮೇಲೆ ನಿಂತು ನೀರಿನ ಕಡೆ ತಿರುಗಿಸಿ ತೆಗೆದ ಫೋಟೊದಲ್ಲಿ, ಗುಡ್ಡವೂ ಮಸುಕಾಗಿದ್ದರೆ, ಯಾವುದು ಚನ್ನಗಿರಿ ಕಡೆಯದು ಯಾವುದು ಹಿರಿಯೂರು ಕಡೆಯದು ಅಂತ ದೇವರೇ ಹೇಳಬೇಕು.

ಆಗ ನಾನು ಬಹಳ ಜಾಣ ಅಂದುಕೊಂಡು ಒಂದು ಪ್ರಶ್ನೆ ಕೇಳಿದೆ. "ಅವತ್ತು ನೀರು ಹೇಗಿತ್ತು ಅಂತ ಅಮ್ಮನ್ನ ಕೇಳಿ." ಮಗ ಕೇಳಿ ಹೇಳಿದ: "ಕೋಡಿ ಬಿದ್ದಿತ್ತಂತೆ ಸಾರ್. ಅದನ್ನ ನೋಡೋಕೇ ಜನ ಬಂದಿದ್ರಂತೆ."

ನನಗೆ ಕುಣಿಯೋಷ್ಟು ಖುಷಿ. ಯಾಕಂದರೆ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಆಮೇಲೆ ಬಿದ್ದಿದ್ದು 2022ರಲ್ಲೇ. ಆ ವರ್ಷ ಹಿರಿಯೂರು ದಾರಿಯೆಲ್ಲ ಜಾತ್ರೆ ಥರ ಆಗಿತ್ತು, ನಾನೂ ಹೋಗಿದ್ದೆ. ನಡುವಿನ ಎಂಬತ್ತೊಂಬತ್ತು ವರ್ಷದಲ್ಲಿ ಅಲ್ಲಿ ಕೋಡಿ ನೋಡಿದವರು ಯಾರೂ ಇರೋಕೆ ಸಾಧ್ಯವಿಲ್ಲ. ಹಾಗಾದರೆ ಫೋಟೊ ಸೂಳೆಕೆರೆಯದೇ. ಗೆಳೆಯನಿಗೆ ಫೋನ್ ಮಾಡಿ ಕೊಚ್ಚಿಕೊಂಡೂ ಆಯ್ತು.

ಹೋದೆ. ಹೋಗಿಬರೋಕೆ ತೊಂಬತ್ತು ಕಿಲೋಮೀಟರ್ ಹತ್ತಿರ. ಏರಿ ಮೇಲೆ ಆ ತುದಿಯಿಂದ ಈ ತುದಿವರೆಗೆ ಪ್ರಿಂಟ್ ಹಿಡಿದು ನಡೆದೆ. ಗುಡ್ಡ ಕೂಡಲಿಲ್ಲ. ಮಂಜಿತ್ತು, ಅದಕ್ಕೇ ಅಂದುಕೊಂಡೆ. ಮುಂದಿನ ವಾರ ಮತ್ತೆ ಹೋದೆ. ಸಿದ್ದನ ತೂಬಿನ ಕಡೆಯಿಂದ ನೋಡಿದೆ, ಬಸವನ ತೂಬಿನ ಕಡೆಯಿಂದ ನೋಡಿದೆ. ಊಹೂಂ. ಎರಡು ಟ್ರಿಪ್ಪಿಗೆ ಪೆಟ್ರೋಲು, ಊಟ, ಮಧ್ಯಾಹ್ನ ಅಂಗಡಿ ಮುಚ್ಚಿದ್ದು ಎಲ್ಲ ಸೇರಿ ಒಂದೂವರೆ ಸಾವಿರ ಕೈಬಿಟ್ಟಿತು. ಗೆಳೆಯ "ಕೋಡಿ ಬಿತ್ತೇನೋ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಸೋತು ಕೂತಾಗ ಒಂದು ವಿಷಯ ಹೊಳೆಯಿತು. ನಾನು ಮಾತಾಡಿದ್ದು ಯಾರ ಜೊತೆ? ಅಲ್ಲಿ ಹೋಗಿದ್ದರೂ ಏನೂ ನೆನಪಿಲ್ಲದ ಕೂಸಿನ ಜೊತೆ. ಅಮ್ಮನ ಮಾತು ಮಗನ ಬಾಯಲ್ಲಿ ಒಂದು ಸಾಲಾಗಿ ಬಂದಿತ್ತು. ಅವತ್ತಿಂದ ನನ್ನ ಮೊದಲ ಪ್ರಶ್ನೆ ಬದಲಾಯ್ತು. ಫೋಟೊ ಕಳಿಸಿದವರಿಗೆ ಕೇಳೋದು: "ಇದು ನಿಮ್ಮ ಕೈಗೆ ಹೇಗೆ ಬಂತು? ಅವತ್ತು ಅಲ್ಲಿದ್ದವರಲ್ಲಿ ಈಗ ಮಾತಾಡೋಕೆ ಸಿಗೋರು ಯಾರು?"

ಅಮ್ಮನಿಗೆ ನೇರವಾಗಿ ಫೋನ್ ಮಾಡಿದೆ. ಎಲ್ಲಿ ಅಂತ ಕೇಳಲೇ ಇಲ್ಲ.

"ಅಮ್ಮಾ, ಫೋಟೊ ಮುಂದೆ ಇಟ್ಕೊಳ್ಳಿ. ಅವತ್ತು ಯಾಕೆ ಹೋಗಿದ್ರಿ?"

"ಯಾಕೆ ಅಂದ್ರೆ... ಇವನ ಜವಳ ತೆಗ್ಸೋಕೆ ಕಣಪ್ಪಾ. ಅದಕ್ಕೇ ಕುಲಾವಿ ಹಾಕಿದ್ದು, ಬೋಳುತಲೆ ಬಿಸಿಲಿಗೆ ಸುಡುತ್ತೆ ಅಂತ."

ಕುಲಾವಿ ಕೆಳಗಿನ ಬೋಳುತಲೆ ನನಗೆ ಫೋಟೊದಲ್ಲಿ ಹೇಗೆ ಕಾಣಬೇಕು ಹೇಳಿ. ಮಗನಿಗೂ ಗೊತ್ತಿಲ್ಲ. ಅವರೂ ಇಷ್ಟು ದಿನ ಹೇಳಿರಲಿಲ್ಲ, ಯಾಕಂದರೆ ಯಾರೂ ಕೇಳಿರಲಿಲ್ಲ. ಊರ ಹೆಸರು ಮರೆತುಹೋಗುತ್ತೆ, ಬೇರೆ ಊರಿನ ಜೊತೆ ಕಲಸಿಹೋಗುತ್ತೆ. ಹೋದ ಕಾರಣ ಮರೆಯೋದು ಕಡಿಮೆ.

"ಗುಡಿ ಅಮ್ಮನದಾ, ಅಯ್ಯನದಾ?"

"ಅಮ್ಮನದು."

ಸೂಳೆಕೆರೆ ಹತ್ತಿರ ಇರೋದು ಸಿದ್ದೇಶ್ವರ. ಮಾರಿಕಣಿವೆಯಲ್ಲಿ ಕಣಿವೆ ಮಾರಮ್ಮ, ಆ ಜಾಗಕ್ಕೆ ಹೆಸರು ಬಂದಿದ್ದೇ ಆ ತಾಯಿಯಿಂದ. ಇಲ್ಲಿ ನಾನು ಮತ್ತೆ ಹಾರಿಬೀಳಲಿಲ್ಲ, ಒಂದು ಸಲ ಬಿದ್ದು ಸಾಕಾಗಿತ್ತು. ಇನ್ನೂ ಎರಡು ಕೇಳಿದೆ. ಗುಡಿಯಿಂದ ಫೋಟೊ ತೆಗೆದ ಜಾಗಕ್ಕೆ ಹತ್ತಿದ್ರಾ, ಇಳಿದ್ರಾ? "ಹತ್ತಿದ್ವಿ, ಕಾಲು ನೋವು ಬಂದಿತ್ತು." ಫೋಟೊ ತೆಗೆದವರ ಬೆನ್ನ ಹಿಂದೆ ಏನಿತ್ತು? ಈ ಪ್ರಶ್ನೆ ನನಗೆ ಬಹಳ ಇಷ್ಟ. ಫೋಟೊ ಅರ್ಧ ಜಗತ್ತನ್ನಷ್ಟೇ ತೋರಿಸುತ್ತೆ. ಆದರೆ ಅದರಲ್ಲಿ ನಿಂತವರು ನೋಡುತ್ತಿದ್ದುದು ಉಳಿದರ್ಧವನ್ನ. ಅವರು ಅಂದರು: "ಕೆಳಗೆ ಆಳದಲ್ಲಿ ತೆಂಗಿನ ಗಿಡ ಕಾಣ್ತಿತ್ತು, ನೋಡಿದ್ರೆ ತಲೆ ತಿರುಗೋದು."

ಎಲ್ಲ ಮಾರಿಕಣಿವೆ ಕಡೆಗೇ ಬೆರಳು ತೋರಿಸುತ್ತಿತ್ತು. ಹಾಗಾದರೆ ಕೋಡಿ ಎಲ್ಲಿಂದ ಬಂತು? ಇದನ್ನು ಬಿಡಿಸದೆ ಗಾಡಿ ಹತ್ತಬಾರದು ಅಂತ ತೀರ್ಮಾನಿಸಿ ಕೇಳಿದೆ. "ಕೋಡಿ ನೋಡಿದಾಗ ಕೂಸು ಯಾರ ಕೈಲಿತ್ತು?"

ಫೋನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅಯ್ಯೋ, ಆವಾಗ ಇವನು ಹೊಟ್ಟೆಲಿದ್ದ!" ಅಂದರು.

ಅಷ್ಟೇ. ಎರಡು ಪ್ರವಾಸ ಒಂದಾಗಿ ಕೂತಿದ್ದವು. ಕೋಡಿ ನಿಜ, ಆದರೆ ಆ ದಿನದ್ದೂ ಅಲ್ಲ, ಆ ಜಾಗದ್ದೂ ಅಲ್ಲ. ನನ್ನ 1933-2022ರ ಲೆಕ್ಕವೂ ಸರಿಯಾಗೇ ಇತ್ತು, ಹಾಕಿದ್ದು ಮಾತ್ರ ತಪ್ಪು ದಿನಕ್ಕೆ. ಆದ್ದರಿಂದ ಯಾರಾದರೂ ಮಳೆ, ಕೋಡಿ, ಜಾತ್ರೆ ಅಂತ ಒಂದು ಗಟ್ಟಿ ಗುರುತು ಕೊಟ್ಟರೆ ಅದನ್ನು ಫೋಟೊದಲ್ಲಿ ಕಾಣುವ ಯಾವುದಾದರೂ ಒಂದಕ್ಕೆ ಕಟ್ಟಿ ಕೇಳುತ್ತೇನೆ. ಈ ಕೂಸು, ಈ ಸೀರೆ, ಈ ಕೊಡೆ ಆವಾಗ ಇತ್ತಾ ಅಂತ. ಹಾಗೆ ಕಟ್ಟೋಕೆ ಏನೂ ಸಿಗದಿದ್ದರೆ ಆ ಗುರುತು ಎಷ್ಟೇ ಚೆನ್ನಾಗಿದ್ದರೂ ಪಕ್ಕಕ್ಕಿಡಿ.

ಕೊನೆಗೆ ನೆಗೆಟಿವ್ ಇದೆಯಾ ಅಂದೆ. ಟ್ರಂಕಿನಲ್ಲಿತ್ತು. ಆರಾರು ಫ್ರೇಮಿನ ತುಂಡುಗಳು. ನಮ್ಮ ಫೋಟೊ 22. ಅದೇ ತುಂಡಿನ 23ರಲ್ಲಿ ಅದೇ ಕುಲಾವಿ, ಮೂಲೆಯಲ್ಲಿ ಅಣೆಕಟ್ಟೆ ಮೇಲಿನ ಮಂಟಪದ ಒಂದು ಕಂಬ. ಅದನ್ನು ಯಾರೂ ಪ್ರಿಂಟ್ ಹಾಕಿಸಿರಲಿಲ್ಲ, ಕೂಸು ಅತ್ತಿದೆ ಅಂತ. ಒಂದು ಎಚ್ಚರ ಇರಲಿ: ಆಗ ಒಂದು ರೀಲ್ ಮುಗಿಯೋಕೆ ವರ್ಷ ಹಿಡಿಯುತ್ತಿತ್ತು. ಪಕ್ಕದ ನಂಬರ್ ಅಂದಮಾತ್ರಕ್ಕೆ ಅದೇ ದಿನ ಅಲ್ಲ. ಇದೇ ರೀಲಿನ ಮೊದಲ ತುಂಡುಗಳಲ್ಲಿ ಕೋಡಿ ಫೋಟೊಗಳಿದ್ದವು, ಆಲ್ಬಮ್ಮಿನಲ್ಲೂ ಒಂದೇ ಪುಟ. ಅಮ್ಮನ ತಲೆಯಲ್ಲಿ ಎರಡೂ ಬೆರೆತಿದ್ದು ಬಹುಶಃ ಅಲ್ಲೇ.

ಆಗಲೇ ಒಂದು ಪ್ರಯೋಗ ಮಾಡಿದೆ. ಅಂಗಡಿಗೆ ಬಂದವರಿಗೆ ಅವರ ಹಳೇ ಫೋಟೊ ಪಕ್ಕ ಬೇಕಂತಲೇ ಬೇರೆ ಊರಿನ ಫೋಟೊ ಒಂದನ್ನು ಇಟ್ಟು "ಇದೇ ಅಲ್ವಾ?" ಅಂದೆ. ಹತ್ತು ಜನರಲ್ಲಿ ಆರೇಳು ಜನ "ಹ್ಞೂಂ, ಇದೇ ಇದೇ" ಅಂದ ನೆನಪು. ಒಬ್ಬರು ಕೊಂಡಜ್ಜಿ ಗುಡ್ಡವನ್ನು ಜೋಗಿಮಟ್ಟಿ ಅಂತ ಒಪ್ಪಿಕೊಂಡು ಅಲ್ಲಿ ತಿಂದ ಬುತ್ತಿಯನ್ನೂ ವರ್ಣಿಸಿದರು. ಅದಕ್ಕೇ ಈಗ ಒಂದೇ ಫೋಟೊ ತೋರಿಸಲ್ಲ. ನಾಲ್ಕು ತೋರಿಸ್ತೀನಿ, ಎರಡು ಖಂಡಿತ ಅಲ್ಲದ್ದು, ಅದೂ ಎಲ್ಲ ಪ್ರಶ್ನೆ ಮುಗಿದ ಮೇಲೆ. ಯಾವ ಎರಡು, ಯಾವ ಕ್ರಮದಲ್ಲಿ ಅನ್ನೋದು ನನ್ನ ಹತ್ತಿರವೇ ಇರಲಿ. ಬಸ್ಸಿನ ಬಗ್ಗೆ ಕೇಳುವ ಒಂದು ಪ್ರಶ್ನೆಯೂ ಇದೆ. ಅದರಿಂದಲೇ ನಾಲ್ಕೈದು ಫೋಟೊ ಬಿಡಿಸಿದ್ದೇನೆ, ಅದನ್ನೂ ಹೇಳಲ್ಲ.

ಮೊಬೈಲ್ ಫೋಟೊಗೆ ಪ್ರಶ್ನೆ ಬೇರೆ. ಒಬ್ಬ ಹುಡುಗ ಗುಡ್ಡದ ಮೇಲಿನ ಗಾಳಿಯಂತ್ರಗಳ ಫೋಟೊ ಕಳಿಸಿದ, ಚಿತ್ರದುರ್ಗವಾ ಗದಗವಾ ಅಂತ. "ನೀನೇ ತೆಗೆದಿದ್ದಾ?" ಅಂದೆ. ಅಣ್ಣ ತೆಗೆದಿದ್ದು. ಅಣ್ಣನ ಫೋನಿಂದ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಮಾಮೂಲಿ ಫೋಟೊ ಆಗಿ ಕಳಿಸಿದರೆ ಒಳಗಿನ ಜಾಗದ ಗುರುತು ಹೋಗಿಬಿಡುತ್ತೆ. ಗುರುತು ಬಂತು, ಆದರೆ ಅದು ಬಿದ್ದಿದ್ದು ಹೆದ್ದಾರಿ ಪಕ್ಕದ ಢಾಬಾ ಮೇಲೆ. ಫೋನ್ ಒಮ್ಮೊಮ್ಮೆ ಸ್ವಲ್ಪ ಹೊತ್ತಿನ ಹಿಂದಿನ ಜಾಗವನ್ನೇ ಬರೆದುಕೊಂಡಿರುತ್ತೆ. "ಇದಕ್ಕಿಂತ ಮೊದಲಿನ ಎರಡು, ಆಮೇಲಿನ ಎರಡು ಕಳಿಸು, ಚೆನ್ನಾಗಿಲ್ಲದಿದ್ರೂ ಪರವಾಗಿಲ್ಲ" ಅಂದೆ. ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ದುಡ್ಡು ತಗೊಳ್ಳಲಿಲ್ಲ.

ಎಲ್ಲದಕ್ಕೂ ಮೊದಲು ಕೇಳುವ ಇನ್ನೊಂದು ಪ್ರಶ್ನೆ ಇದೆ: ಜಾಗ ಯಾಕೆ ಬೇಕು? ಒಬ್ಬ ಮಾಳಿಗೆ ಮೇಲೆ ನಿಂತ ಹುಡುಗಿಯ ಫೋಟೊ ತಂದು ಐದು ಸಾವಿರ ಕೊಡ್ತೀನಿ ಅಂದ. ಯಾರು ಅಂದರೆ ಒಂದು ಸಲ ತಂಗಿ ಅಂದ, ಇನ್ನೊಂದು ಸಲ ಸ್ನೇಹಿತೆ ಅಂದ. ವಾಪಸ್ ಕಳಿಸಿದೆ.

ಮಾರಿಕಣಿವೆಗೆ ಮೂರನೇ ಟ್ರಿಪ್ ಹೋದೆ, ಇನ್ನೂರೈವತ್ತು ಕಿಲೋಮೀಟರ್ ಹತ್ತಿರ. ಮಂಟಪದಿಂದ ಅಳೆದು ನಡೆದರೆ ಗುಡ್ಡದ ಗೆರೆ ತಾನಾಗೇ ಕೂಡಿತು. ಈಗ ನೀರು ಮೇಲಿದೆ, ಫೋಟೊದಲ್ಲಿ ಬಹಳ ಕೆಳಗಿತ್ತು. ಲೆಕ್ಕ ಹಾಕಿದರೆ ಆ ಕೆಲಸದಲ್ಲಿ ನನಗೆ ಉಳಿದಿದ್ದು ಇನ್ನೂರು ಮುನ್ನೂರು ರೂಪಾಯಿ. ಅದಾದ ಮೇಲೆ ಮಾಡಿದ ಇಪ್ಪತ್ತು ಚಿಲ್ಲರೆ ಫೋಟೊಗಳಲ್ಲಿ ಎರಡನೇ ಟ್ರಿಪ್ ಹೋಗಬೇಕಾಗಿದ್ದು ಎರಡಕ್ಕೋ ಮೂರಕ್ಕೋ ಮಾತ್ರ.

ಹೋದ ತಿಂಗಳು ಚಿತ್ರದುರ್ಗದ ಗೆಳೆಯ ಒಂದು ಮದುವೆ ಫೋಟೊ ಕಳಿಸಿದ. ಚಪ್ಪರ, ಗೋಡೆ, ಇನ್ನೇನಿಲ್ಲ. "ಏನ್ ಕೇಳಲೋ ಇವರಿಗೆ?" ಅಂತ ಬರೆದಿದ್ದ. ಅಡುಗೆಗೆ ನೀರು ಎಲ್ಲಿಂದ ತಂದ್ರು ಅಂತ ಕೇಳು ಅಂದೆ.