ಲಾಟ್‌ಗಳ ಸಂಖ್ಯೆಯನ್ನು ನಷ್ಟ ನಿರ್ಧರಿಸಿದ ದಿನ

ಆಪ್ಷನ್ ಎಕ್ಸ್‌ಪೈರಿಯ ಒಂದು ದಿನ ನಾನು ಮೂರು ವಹಿವಾಟುಗಳಲ್ಲಿ ಬಂಡವಾಳದ ಶೇ. 9.5ರಷ್ಟನ್ನು ಕಳೆದುಕೊಂಡೆ. ಅದರಲ್ಲಿ ಯೋಜನೆಯಂತೆ ಆದ ನಷ್ಟ ಶೇ. 2 ಮಾತ್ರ. ಉಳಿದ ಶೇ. 7.5 ಆ ಮೊದಲ ನಷ್ಟವನ್ನು ಅಂದೇ ಹಿಂಪಡೆಯಲು ಹೋಗಿ ತೆತ್ತದ್ದು.

ಲೆಕ್ಕ ಸುಲಭವಾಗಲೆಂದು ಹೇಳುವುದಾದರೆ, ನನ್ನ ಖಾತೆಯಲ್ಲಿ ಒಂದು ಲಾಟ್ 40 ಅಂಶ ಕಳೆದುಕೊಂಡರೆ ಬಂಡವಾಳದ ಶೇ. 1 ಹೋಗುತ್ತಿತ್ತು. ಮೊದಲು 120ರ ಪ್ರೀಮಿಯಂ ಕೊಟ್ಟು ಎರಡು ಲಾಟ್ ಕಾಲ್ ಕೊಂಡಿದ್ದೆ. 80ಕ್ಕೆ ಇಟ್ಟಿದ್ದ ಸ್ಟಾಪ್ ಲಾಸ್ ಬಡಿದು ಶೇ. 2 ಹೋಯಿತು. ಅಲ್ಲಿಗೆ ತಪ್ಪೇನೂ ಆಗಿರಲಿಲ್ಲ. ನಾಲ್ಕೇ ನಿಮಿಷದಲ್ಲಿ, ಮಾರುಕಟ್ಟೆ ಇಳಿಯುತ್ತಿದೆ ಎಂಬ ಒಂದೇ ಕಾರಣಕ್ಕೆ, 60ರ ಪುಟ್ ಅನ್ನು ನಾಲ್ಕು ಲಾಟ್ ಕೊಂಡೆ; ಅದು 35ಕ್ಕೆ ಬಂದಾಗ ಹೊರಬಿದ್ದೆ, ಇನ್ನೂ ಶೇ. 2.5 ಹೋಯಿತು. ಅದಾಗಿ ಏಳು ನಿಮಿಷಕ್ಕೆ ಬಹಳ ದೂರದ ಸ್ಟ್ರೈಕ್‌ನ 12ರ ಕಾಲ್ ಅನ್ನು 20 ಲಾಟ್ ಕೊಂಡು, ಕೊನೆಗೆ 2ಕ್ಕೆ ಮಾರಿದೆ.

ಮೂರೂ ಬಾರಿ ತೊಡಗಿಸಿದ ಹಣ ಒಂದೇ: 120ರ ಎರಡು, 60ರ ನಾಲ್ಕು, 12ರ ಇಪ್ಪತ್ತು, ಎಲ್ಲವೂ 240 ಅಂಶಗಳೇ. ಹೀಗಾಗಿ ಅಪಾಯವನ್ನು ಹೆಚ್ಚಿಸಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಆದರೆ ಮೊದಲನೆಯದರಲ್ಲಿ ಆ ಹಣದ ಮೂರನೇ ಒಂದು ಭಾಗವನ್ನಷ್ಟೇ ಪಣಕ್ಕಿಟ್ಟಿದ್ದೆ. ಸ್ಟಾಪ್ ಲಾಸ್ ಇಲ್ಲದ ಮೂರನೆಯದರಲ್ಲಿ ಪೂರ್ತಿ ಹಣ, ಅಂದರೆ ಬಂಡವಾಳದ ಶೇ. 6, ಪಣದಲ್ಲಿತ್ತು. ಆಪ್ಷನ್ ವಹಿವಾಟಿನಲ್ಲಿ ನಷ್ಟದ ಮೇಲಿನ ಸೇಡು ಇಷ್ಟು ಸುಲಭವಾಗಿ ಮರೆಮಾಚಿಕೊಳ್ಳುವುದು ಅಗ್ಗದ ಪ್ರೀಮಿಯಂ ಇರುವುದರಿಂದಲೇ.

ಆ 20 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಸಂಜೆ ಕುಳಿತು ನೋಡಿದಾಗ ನಿಜವಾದ ಬಲೆ ಕಾಣಿಸಿತು. ಅಷ್ಟರಲ್ಲಿ 180 ಅಂಶಗಳ ನಷ್ಟವಾಗಿತ್ತು. 20 ಲಾಟ್ ಇದ್ದರೆ ತಲಾ 9 ಅಂಶ ಏರಿದರೆ ಸಾಕು, ಲೆಕ್ಕ ಸರಿಹೋಗುತ್ತದೆ. ಒಂಬತ್ತೇ ಅಂಶ ಎಂದುಕೊಂಡಿದ್ದೆ. ಡೆಲ್ಟಾ 0.1ರ ಆಸುಪಾಸಿನಲ್ಲಿದ್ದ, ಅಂದರೆ ಸೂಚ್ಯಂಕ ಒಂದು ಅಂಶ ಏರಿದರೆ ಸುಮಾರು 0.1 ಅಂಶವಷ್ಟೇ ಏರುವ ಆ ಆಪ್ಷನ್ 12ರಿಂದ 21ಕ್ಕೆ ಹೋಗಬೇಕಾದರೆ ಸೂಚ್ಯಂಕವು ಹತ್ತಾರು ಅಂಶಗಳಷ್ಟು, ಅದೂ ಸಮಯ ಪ್ರೀಮಿಯಂ ಅನ್ನು ಕರಗಿಸುವ ಮೊದಲೇ, ಏರಬೇಕಿತ್ತು ಎಂಬುದು ಗೊತ್ತಿದ್ದೂ ಲೆಕ್ಕಕ್ಕೆ ಬರಲಿಲ್ಲ. ನಷ್ಟವಾದ ಮೇಲೆ ಮನುಷ್ಯರು ಸಾಮಾನ್ಯವಾಗಿ ಪಣಕ್ಕೆ ಹಿಂಜರಿದರೂ, ಮೊದಲಿನ ಸ್ಥಿತಿಗೆ ಮರಳಿಸುವ ಅವಕಾಶವಿರುವ ಪಣ ಮಾತ್ರ ಅವರನ್ನು ವಿಶೇಷವಾಗಿ ಸೆಳೆಯುತ್ತದೆ ಎಂದು ಸಂಶೋಧಕರಾದ ಥೇಲರ್ ಮತ್ತು ಜಾನ್ಸನ್ 1990ರಲ್ಲೇ ತೋರಿಸಿದ್ದರು. ನಾನು ಆರಿಸಿಕೊಂಡದ್ದು ಅಂಥ ಪಣವನ್ನೇ.

ಮೊದಲು ಮಾಡಿಕೊಂಡ ನಿಯಮ, ನಷ್ಟವಾದ ಮೇಲೆ 30 ನಿಮಿಷ ಹೊಸ ಆರ್ಡರ್ ಹಾಕಬಾರದು ಎಂಬುದು. ಅದು ಕೆಲಸ ಮಾಡಲಿಲ್ಲ, ಏಕೆಂದರೆ ಆ ಅರ್ಧ ಗಂಟೆಯೂ ಚಾರ್ಟ್ ಮುಂದೆಯೇ ಕುಳಿತು, ಮೂವತ್ತೊಂದನೆಯ ನಿಮಿಷಕ್ಕೆ ಅದೇ ಆರ್ಡರ್ ಹಾಕುತ್ತಿದ್ದೆ. ಪರದೆ ಮುಚ್ಚಿ ಬೇರೆ ಕೋಣೆಗೆ ಹೋದರೆ ಮಾತ್ರ ಬಿಡುವಿಗೆ ಅರ್ಥ.

ಹೆಚ್ಚು ಫಲ ಕೊಟ್ಟದ್ದು ಲಾಟ್‌ಗಳನ್ನು ಕಾಗದದ ಮೇಲೆ ಲೆಕ್ಕ ಹಾಕುವ ನಿಯಮ. ಬಂಡವಾಳದ ಶೇ. 1ಕ್ಕೆ ಸಮನಾದ 40 ಅಂಶಗಳನ್ನು ಸ್ಟಾಪ್ ಲಾಸ್‌ವರೆಗಿನ ಅಂತರದಿಂದ ಭಾಗಿಸುತ್ತೇನೆ. ಈ ಸೂತ್ರದಲ್ಲಿ ಅಂದಿನ ನಷ್ಟಕ್ಕೆ ಜಾಗವೇ ಇಲ್ಲ. ಅಗ್ಗದ ಆಪ್ಷನ್‌ನಲ್ಲಿ ಬೆಲೆ ಸ್ಟಾಪ್ ಲಾಸ್ ಅನ್ನು ಹಾರಿ ಕೆಳಗೆ ಬೀಳಬಹುದಾದ್ದರಿಂದ, ಪ್ರೀಮಿಯಂ 20ಕ್ಕಿಂತ ಕಡಿಮೆಯಿದ್ದರೆ ಅದು ಸೊನ್ನೆಯಾಗುತ್ತದೆ ಎಂದೇ ಹಿಡಿಯುತ್ತೇನೆ. ಆ ಮೂರನೆಯ ವಹಿವಾಟಿಗೆ ಇದನ್ನು ಅನ್ವಯಿಸಿದರೆ 40 ಭಾಗಿಸು 12, ಅಂದರೆ ಮೂರು ಲಾಟ್. ಮೂರು ಲಾಟ್‌ನಿಂದ ನಷ್ಟ ತುಂಬುವುದಿಲ್ಲ ಎಂದು ಕಂಡಾಗ, ಆ ಕಾಲ್ ಕೊಳ್ಳಲು ನನಗಿದ್ದ ಕಾರಣವೂ ಇಲ್ಲವಾಗುತ್ತಿತ್ತು.

ಇದರ ಜೊತೆಗೆ ದಿನದ ನಷ್ಟ ಶೇ. 2 ಮುಟ್ಟಿದರೆ ಹೊಸ ವಹಿವಾಟು ಇಲ್ಲ. ಇದನ್ನು ಮಾರುಕಟ್ಟೆ ತೆರೆಯುವ ಮೊದಲೇ ಬರೆದಿಡುತ್ತೇನೆ. ನಡುವೆ ಬದಲಿಸಿದ ಮಿತಿಯನ್ನು ಮಿತಿ ಎನ್ನಲಾಗದು. ಆಪ್ಷನ್ ಮಾರಿ ತೆರೆದಿಟ್ಟ ಪೊಸಿಷನ್ ಇದ್ದರೆ ಅದನ್ನು ಮುಚ್ಚಲು ಅಥವಾ ಕಡಿಮೆ ಮಾಡಲು ಯಾವ ತಡೆಯೂ ಇಲ್ಲ, ತಡೆ ಇರುವುದು ಹೊಸ ಅಪಾಯಕ್ಕೆ ಮಾತ್ರ. ಈ ವ್ಯತ್ಯಾಸವನ್ನು ಬರೆಯದೆ ಬಿಟ್ಟಿದ್ದ ಕಾಲದಲ್ಲಿ, "ಸರಿಪಡಿಸುತ್ತಿದ್ದೇನೆ" ಎಂಬ ಹೆಸರಿನಲ್ಲಿ ಹೊಸ ಲಾಟ್‌ಗಳನ್ನು ಸೇರಿಸುತ್ತಿದ್ದೆ.

ಈಗ ವಹಿವಾಟಿನ ಪುಸ್ತಕದಲ್ಲಿ, ಹಿಂದಿನ ನಷ್ಟವಾಗಿ ಎಷ್ಟು ನಿಮಿಷಕ್ಕೆ ಈ ಆರ್ಡರ್ ಹಾಕಿದೆ ಎಂಬ ಒಂದು ಕಾಲಂ ಇದೆ. ಅಲ್ಲಿ ಒಂದಂಕಿಯ ಸಂಖ್ಯೆ ಕಂಡರೆ, ಆ ವಹಿವಾಟು ಲಾಭ ತಂದಿದ್ದರೂ ಅದನ್ನು ತಪ್ಪು ಎಂದೇ ಗುರುತು ಹಾಕುತ್ತೇನೆ.