ವಯಸ್ಸಿನಲ್ಲಿ ಹಿರಿಯರು, ಹುದ್ದೆಯಲ್ಲಿ ಕಿರಿಯರು: ಬೆಳಗಿನ ನಮಸ್ಕಾರ ಹೇಗಿರಬೇಕು?

ಪುಣೆಯ ಒಂದು ಬ್ಯಾಂಕ್ ಶಾಖೆ ಅಂದುಕೊಳ್ಳಿ. ಧಾರವಾಡ ಕಡೆಯ ಮೂವತ್ತೆರಡರ ಹೆಣ್ಣುಮಗಳು ಅಲ್ಲಿಗೆ ಮ್ಯಾನೇಜರ್ ಆಗಿ ಬಂದಿದ್ದಾರೆ. ಹೆಡ್ ಕ್ಯಾಷಿಯರ್ ವಿಜಯಪುರದವರು, ವಯಸ್ಸು ಐವತ್ತೇಳು. ಅವರನ್ನು ಪಾಟೀಲರು ಅಂತ ಕರೆಯೋಣ. ಊರಿನಲ್ಲಿ ಸಿಕ್ಕಿದ್ದರೆ ಆಕೆ ಅವರನ್ನು ‘ಕಾಕಾ’ ಅನ್ನುತ್ತಿದ್ದರು, ಅವರು ಆಕೆಯನ್ನು ‘ತಂಗಿ’ ಅನ್ನುತ್ತಿದ್ದರು. ಶಾಖೆಯಲ್ಲಿ ಪಾಟೀಲರ ರಜೆ ಅರ್ಜಿಗೆ ಸಹಿ ಹಾಕುವವರು ಆಕೆಯೇ. ನಗದು ಕಪಾಟಿನ ಎರಡು ಕೀಲಿಗಳಲ್ಲಿ ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಅಧಿಕಾರಿ ಹತ್ತಿರ. ಇಬ್ಬರೂ ಬಂದು ನಿಂತರೆ ಮಾತ್ರ ಕಪಾಟು ತೆರೆಯುತ್ತದೆ. ಹಾಗಾಗಿ ಇವರು ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಓಡಾಡುವ ಹಾಗಿಲ್ಲ.

ಮೊದಲ ದಿನಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಈ ಹಿರಿಯರು ಯಾಕೆ ಆ ಹುದ್ದೆಯಲ್ಲೇ ಇದ್ದಾರೆ ಅಂತ ತಿಳಿದುಕೊಳ್ಳಿ. ಬ್ಯಾಂಕುಗಳಲ್ಲಿ ಕ್ಲರ್ಕ್ ಅಧಿಕಾರಿಯಾದರೆ ಬಡ್ತಿಯ ಜೊತೆ ದೂರದ ವರ್ಗಾವಣೆಯೂ ಬರುತ್ತದೆ. ಮಕ್ಕಳ ಶಾಲೆ, ಹೆಂಡತಿಯ ನೌಕರಿ, ವಯಸ್ಸಾದ ತಾಯಿ, ಕಂತು ಕಟ್ಟುತ್ತಿರುವ ಫ್ಲಾಟ್ ಅಂತ ಬಡ್ತಿ ಬೇಡ ಅಂದವರು ಪುಣೆ, ಮುಂಬೈಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥವರ ಎದುರು ‘ಇನ್ನೂ ಪ್ರಮೋಷನ್ ತಗೊಂಡಿಲ್ವಾ?’ ಅಂತ ಮಾತು ಶುರು ಮಾಡಿದರೆ, ಕೈಮುಗಿದಿದ್ದಕ್ಕೆ ಯಾವ ಬೆಲೆಯೂ ಉಳಿಯುವುದಿಲ್ಲ. ಅವರು ಸೋತು ಅಲ್ಲಿ ಕೂತವರಲ್ಲ. ನಿಮ್ಮ ನೋಟದಲ್ಲೂ ಆ ಭಾವನೆ ಇರಬಾರದು.

ಇನ್ನು, ಮೊದಲು ಯಾರು ನಮಸ್ಕಾರ ಹೇಳಬೇಕು? ಮೇಲಧಿಕಾರಿಯೇ ಹೇಳಬೇಕು. ವಯಸ್ಸಿನ ಲೆಕ್ಕದಲ್ಲಿ ಕಿರಿಯರು ಮೊದಲು ಕೈಮುಗಿಯಬೇಕು, ಇಲ್ಲಿ ಕಿರಿಯರು ಮ್ಯಾನೇಜರ್ ತಾನೇ. ಹುದ್ದೆಯ ಲೆಕ್ಕದಲ್ಲಿ ಕ್ಲರ್ಕ್ ಮೊದಲು ಹೇಳಬೇಕು ಅಂತ ಕಾದರೆ, ಪ್ರತಿದಿನ ಹಿರಿಯರೇ ತಲೆ ಬಾಗಿಸಿದ ಹಾಗಾಗುತ್ತದೆ. ನೀವು ಮೊದಲು ಹೇಳಿದರೆ ಕುರ್ಚಿಗೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಕ್ಯಾಬಿನ್‌ಗೆ ಕರೆಸಿಕೊಂಡು ಹೇಳುವ ನಮಸ್ಕಾರಕ್ಕೆ ಅರ್ಥವಿಲ್ಲ. ಗ್ರಾಹಕರು ಬರುವ ಮುಂಚೆ ನೀವೇ ಕ್ಯಾಷ್ ಕೌಂಟರ್ ಹತ್ತಿರ ಹೋಗಿ. ಪಾಟೀಲರು ಏಳಲು ಹೊರಟರೆ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಅಂತ ಹಾಲ್ ತುಂಬ ಕೇಳುವ ಹಾಗೆ ಒತ್ತಾಯ ಮಾಡಬೇಡಿ. ಪಕ್ಕದ ಸ್ಟೂಲ್ ಎಳೆದು ನೀವೇ ಕೂತುಬಿಡಿ, ಅವರೂ ಕೂರುತ್ತಾರೆ.

ಏನಂತ ಕರೆಯಬೇಕು ಅನ್ನುವುದೇ ಎಲ್ಲಕ್ಕಿಂತ ಜಾಸ್ತಿ ಎಡವುವ ಜಾಗ. ಬರೀ ಹೆಸರು ಹಿಡಿದು ಕರೆಯುವಂತಿಲ್ಲ, ಅದು ಸ್ಪಷ್ಟ. ‘ಕಾಕಾ’ ಅಂದರೆ ಸಲಿಗೆ, ಪ್ರೀತಿ ಎರಡೂ ಇದೆ ಅಲ್ವಾ ಅನಿಸುತ್ತದೆ. ಆದರೆ ಮಹಾರಾಷ್ಟ್ರದ ಎಷ್ಟೋ ಆಫೀಸುಗಳಲ್ಲಿ ಕಾಕಾ, ಮಾಮಾ ಅಂತ ಕರೆಸಿಕೊಳ್ಳುವವರು ಚಹಾ ತರುವವರು, ಫೈಲ್ ಒಯ್ಯುವವರು. ಹೆಂಗಸರಾದರೆ ‘ಮಾವಶಿ’. ಮ್ಯಾನೇಜರ್ ಬಾಯಲ್ಲಿ ‘ಕಾಕಾ’ ಅಂತ ಕೇಳಿದ ಹೊಸ ಗ್ರಾಹಕ, ಹೆಡ್ ಕ್ಯಾಷಿಯರ್‌ಗೇ ನೀರಿನ ಗ್ಲಾಸ್ ತರಲು ಹೇಳಿದರೆ ಆಶ್ಚರ್ಯವಿಲ್ಲ. ವಯಸ್ಸಿಗೆ ಕೊಟ್ಟ ಮರ್ಯಾದೆ ಅವರ ಹುದ್ದೆಯನ್ನೇ ತಿಂದುಬಿಡುತ್ತದೆ. ಹಾಗೆ ಕರೆಯುವುದಾದರೆ ಮನೆಯಲ್ಲಿ, ಮದುವೆಯಲ್ಲಿ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಕರೆಯಿರಿ.

ಶಾಖೆಯೊಳಗೆ ಅಡ್ಡಹೆಸರಿಗೆ ಗೌರವ ಸೇರಿಸುವುದೇ ಒಳ್ಳೆಯದು. ಉತ್ತರ ಕರ್ನಾಟಕದವರಿಗೆ ‘ಪಾಟೀಲ್ರ’, ಕರಾವಳಿಯವರಿಗೆ ‘ಶೆಟ್ರೇ’, ಉಳಿದವರ ಎದುರು ಮರಾಠಿ ರೂಢಿಯಂತೆ ‘ಪಾಟೀಲ್ ಸರ್’. ಹಿರಿಯ ಹೆಂಗಸರಿಗೆ ಅಡ್ಡಹೆಸರಿನ ಜೊತೆ ‘ಮ್ಯಾಡಮ್’ ಸಾಕು. ಕೈಕೆಳಗಿನವರನ್ನು ಸರ್ ಅನ್ನುವುದಾ ಅಂತ ಕೆಲವರಿಗೆ ಮುಜುಗರ. ಇಲ್ಲಿ ಅದು ಹುದ್ದೆ ತೋರಿಸುವ ಮಾತಲ್ಲ, ಹೆಸರಿನ ಜೊತೆಗೇ ಬರುತ್ತದೆ. ಸಂಕೋಚ ಬೇಡ.

ಹೆಸರು ಸರಿ ಮಾಡಿಕೊಂಡವರು ಕ್ರಿಯಾಪದದಲ್ಲಿ ಜಾರುತ್ತಾರೆ. ಇಲ್ಲಿಯ ಕನ್ನಡಿಗರು ದಿನಕ್ಕೆ ಮೂರು ಭಾಷೆಯಲ್ಲಿ ಮಾತಾಡುತ್ತಾರೆ. ಬೆಳಿಗ್ಗೆ ‘ಆರಾಮ ಅದೀರೇನ್ರಿ?’ ಅಂತ ಕೇಳಿದವರೇ, ಮಧ್ಯಾಹ್ನ ಎಲ್ಲರ ಎದುರು ಹಿಂದಿಯಲ್ಲಿ ‘ತುಮ್ ಬತಾವೋ’ ಅಂದುಬಿಡುತ್ತಾರೆ. ಮರಾಠಿಯ ‘ತುಮ್ಹಿ’ ಗೌರವದ ಮಾತು, ಆದ್ದರಿಂದ ‘ತುಮ್’ ಕೂಡ ಹಾಗೇ ಇರಬೇಕು ಅನ್ನುವ ಭ್ರಮೆ ಇದಕ್ಕೆ ಕಾರಣ. ಹಿಂದಿಯಲ್ಲಿ ‘ಆಪ್’ ಅನ್ನಬೇಕು. ಮರಾಠಿಯಲ್ಲಿ ‘ಯೇ, ಬಸ್’ ಅಲ್ಲ, ‘ಯಾ, ಬಸಾ’. ಅವರು ಎದುರಿಗಿಲ್ಲದಾಗ ಆಡುವ ಮಾತಿಗೂ ಇದೇ ನಿಯಮ. ‘ಕ್ಯಾಷಿಯರ್ ಎಲ್ಲಿ ಹೋದ?’ ಅಂದರೆ ಸಂಜೆಯೊಳಗೆ ಅವರ ಕಿವಿಗೆ ಮುಟ್ಟುತ್ತದೆ.

ಈಗ ಪಾಟೀಲರ ಕಡೆಯಿಂದ ನೋಡೋಣ. ಅವರು ‘ನಮಸ್ಕಾರ ಮ್ಯಾಡಮ್’ ಅಂದಾಗ, ‘ಅಯ್ಯೋ, ನಾನು ನಿಮ್ಮ ಮಗಳ ವಯಸ್ಸಿನವಳು, ಮ್ಯಾಡಮ್ ಅನ್ನಬೇಡಿ’ ಅಂತ ತಡೆಯುವವರು ತುಂಬಾ ಜನ. ದಯವಿಟ್ಟು ತಡೆಯಬೇಡಿ. ಪಾಟೀಲರು ಕೊಡುತ್ತಿರುವ ಮರ್ಯಾದೆ ಕುರ್ಚಿಗೆ. ಅದನ್ನು ಬೇಡ ಅಂದರೆ ಮುಂದೆ ಏನನ್ನಬೇಕು ಅಂತ ಅವರೇ ಗೊಂದಲಕ್ಕೆ ಬೀಳುತ್ತಾರೆ, ಬೇರೆ ಸಿಬ್ಬಂದಿಯೂ ಸಲಿಗೆ ತಗೊಳ್ಳುತ್ತಾರೆ. ಅಕಸ್ಮಾತ್ ಅವರೇ ಗ್ರಾಹಕರ ಎದುರು ‘ತಂಗಿ’ ಅಂದರೆ ಆಗ ತಿದ್ದಬೇಡಿ. ಆಮೇಲೆ ಕಪಾಟಿನ ಹತ್ತಿರ ಇಬ್ಬರೇ ಇದ್ದಾಗ ಹೇಳಿ: ‘ಪಾಟೀಲ್ರ, ಹೊರಗ ತಂಗಿ ಅನ್ರಿ, ನನಗೂ ಚಲೋ ಅನಸ್ತೈತಿ. ಹಾಲ್‌ನಾಗ ಮಾತ್ರ ಮ್ಯಾಡಮ್ ಇರಲಿ.’ ಊರಿನ ಮಾತಿನಲ್ಲೇ ಹೇಳಿದರೆ ಅದು ಆಜ್ಞೆ ಅನಿಸುವುದಿಲ್ಲ.

ನಮಸ್ಕಾರಕ್ಕೆ ಕೆಲಸವನ್ನು ಅಂಟಿಸಬೇಡಿ. ‘ನಮಸ್ಕಾರ, ನಿನ್ನೆಯ ವೋಚರ್ ಯಾಕೆ ಬಂದಿಲ್ಲ?’ ಅಂದರೆ ಅವರಿಗೆ ಎರಡನೆಯದು ಮಾತ್ರ ಕೇಳಿಸುತ್ತದೆ. ಬೆಳಿಗ್ಗೆ ಮೊಣಕಾಲು ನೋವು ಹೇಗಿದೆ ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಂಡು ಎದ್ದು ಬನ್ನಿ. ವೋಚರ್ ವಿಷಯ ಅರ್ಧ ಗಂಟೆ ಬಿಟ್ಟು, ಕ್ಯಾಬಿನ್‌ನಲ್ಲಿ, ಮ್ಯಾನೇಜರ್ ಆಗಿ, ನೇರವಾಗಿ ಕೇಳಿ. ಹಿರಿಯರು ಅಂತ ತಪ್ಪನ್ನು ನುಂಗಿಕೊಳ್ಳುವುದು ಗೌರವವಲ್ಲ. ಕ್ಯಾಷ್ ವಿಷಯದಲ್ಲಂತೂ ಅದು ಇಬ್ಬರ ನೌಕರಿಗೂ ಅಪಾಯ.

ಕಾಲಿಗೆ ನಮಸ್ಕಾರ ಮಾಡಬಹುದಾ? ದಿನನಿತ್ಯ ಖಂಡಿತ ಬೇಡ. ಅವರ ಕೆಲಸದ ಮೌಲ್ಯಮಾಪನ ಬರೆಯುವ ಕೈ ಅದು, ಉಳಿದವರಿಗೆ ಪಕ್ಷಪಾತ ಕಾಣುತ್ತದೆ. ದಸರೆಯ ಮಾತು ಬೇರೆ. ಬನ್ನಿ ಕೊಡುವಾಗ ವಯಸ್ಸಿನದೇ ಲೆಕ್ಕ, ಕಿರಿಯರು ಹಿರಿಯರಿಗೆ ಕೊಟ್ಟು ನಮಸ್ಕರಿಸುತ್ತಾರೆ. ಇಲ್ಲಿಯ ಮರಾಠಿಗರೂ ‘ಸೋನಾ’ ಅಂತ ಆಪಟಾ ಎಲೆ ಹಂಚುತ್ತಾರೆ, ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅವತ್ತು ರಜೆಯಾದರೆ ಮರುದಿನ ಎಲೆ ಹಿಡಿದು ಪಾಟೀಲರ ಹತ್ತಿರ ನೀವೇ ಹೋಗಿ. ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅಂತ ಕೊಟ್ಟು, ಮನೆಯ ರೂಢಿ ಇದ್ದರೆ ಬಾಗಿ.

ಇಷ್ಟಾದರೂ ಕೆಲವರು ಒಳಗೇ ಕುದಿಯುತ್ತಾರೆ. ಗುರುತು ಹಿಡಿಯುವುದು ಸುಲಭ: ನಿಮ್ಮ ಕನ್ನಡಕ್ಕೆ ಬರೀ ‘ಗುಡ್ ಮಾರ್ನಿಂಗ್’ ಬರುತ್ತದೆ, ಕಣ್ಣು ನೋಟಿನ ಕಟ್ಟಿನ ಮೇಲೇ ಇರುತ್ತದೆ, ‘ಮ್ಯಾಡಮ್’ ಬೇಕಂತಲೇ ಎಳೆದು ಬರುತ್ತದೆ. ಆಗ ಇನ್ನೂ ಜಾಸ್ತಿ ಬಾಗಲು ಹೋಗಬೇಡಿ, ಅದು ನಾಟಕದಂತೆ ಕಾಣುತ್ತದೆ. ನಮಸ್ಕಾರ ಎಂದಿನಂತೆ ಚಿಕ್ಕದಾಗಿಯೇ ಇರಲಿ. ಅದರ ಬದಲು ಅವರಿಗೆ ಮಾತ್ರ ಗೊತ್ತಿರುವ ಏನನ್ನಾದರೂ ನಿಜವಾಗಿ ಕೇಳಿ: ಯಾವ ವ್ಯಾಪಾರಿ ಯಾವ ದಿನ ಜಾಸ್ತಿ ನಗದು ತರುತ್ತಾರೆ, ಚಿಲ್ಲರೆಗೆ ಯಾವಾಗ ಬೇಡಿಕೆ ಬರುತ್ತದೆ. ಅವರು ಹೇಳಿದ ಪ್ರಕಾರ ಮಾಡಿ. ಆಮೇಲೆ ಸಿಬ್ಬಂದಿ ಸಭೆಯಲ್ಲಿ, ‘ಇದನ್ನು ಪಾಟೀಲ್ ಸರ್ ಹೇಳಿಕೊಟ್ಟರು’ ಅಂತ ಅವರ ಎದುರೇ ಹೇಳಿ.